ಪಹಣಿಯ ಗಣಕೀಕರಣ ಮತ್ತು ಇಲಾಖೆಗಳ ಜೋಡಣೆ

ಸರ್ಕಾರದ ಗಣಕೀಕರಣಕ್ಕೆ ನಾಲ್ಕು ಹಂತಗಳುಂಟೆಂದು ಲೇನ್ ಮತ್ತು ಲೀ ಎಂಬ ವಿದ್ವಾಂಸರು 2001ರಲ್ಲಿ ಪ್ರತಿಪಾದಿಸಿದರು: ಮಾಹಿತಿಯನ್ನೂ ನಮೂನೆಗಳನ್ನೂ ಜಾಲತಾಣದಲ್ಲಿಡುವುದು, ವ್ಯವಹಾರವನ್ನೇ ಅಲ್ಲಿ ನಡೆಸುವುದು, ಒಂದೇ ಇಲಾಖೆಯ ಮೇಲಿನ ಕೆಳಗಿನ ಕಚೇರಿಗಳನ್ನು ಕೂಡಿಸುವುದು, ಕಡೆಗೆ ಭಿನ್ನ ಇಲಾಖೆಗಳನ್ನು ಜೋಡಿಸುವುದು. ಕರ್ನಾಟಕದ ಪಹಣಿಯಾದರೋ ಈ ಕ್ರಮವನ್ನು ಪಾಲಿಸಲಿಲ್ಲ. ಇಲ್ಲಿ ಮೊದಲು ಗಣಕಕ್ಕೇರಿದ್ದು ನಮೂನೆಗಳಲ್ಲ, ದಾಖಲೆಗಳೇ.

‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ ದಾಖಲೆಗಳು ಗಣಕಕ್ಕೆ ಸೇರಿದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪಹಣಿ ದೊರೆಯತೊಡಗಿತು. ಗ್ರಾಮಲೆಕ್ಕಿಗನ ಕೈಬರಹದ ಪ್ರತಿಗೆ ಮಾನ್ಯತೆ ತಪ್ಪಿತು. ಆದರೂ ಜಮೀನು ಕೊಂಡವನ ಅಲೆದಾಟ ನಿಲ್ಲಲಿಲ್ಲ. ಕ್ರಯಪತ್ರವು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ, ಖಾತೆ ಬದಲಾವಣೆಯು ಕಂದಾಯ ಇಲಾಖೆಯಲ್ಲಿ, ಅಳತೆಯು ಭೂಮಾಪನ ಇಲಾಖೆಯಲ್ಲಿ. ಮೂರೂ ತಮ್ಮ ತಮ್ಮ ದಾರಿಯಲ್ಲಿ ನಡೆದಿದ್ದವು.

ಜೋಡಣೆಯ ಬಳಿಕ ಆದುದನ್ನು ಒಂದು ನಿದರ್ಶನದಿಂದ ನೋಡೋಣ. ನಾಲ್ಕು ಎಕರೆಯ ಸರ್ವೆ ನಂಬರಿನಲ್ಲಿ ರೈತನೊಬ್ಬನು ಒಂದೆಕರೆ ಮಾರುವನೆನ್ನಿ. ಮೊದಲು ಭೂಮಾಪಕನು ಅಳೆದು 11ಇ ನಕ್ಷೆಯನ್ನು ಸಿದ್ಧಪಡಿಸಬೇಕು. ‘ಕಾವೇರಿ’ ತಂತ್ರಾಂಶದಲ್ಲಿ ನೋಂದಣಿಯಾದ ಕ್ರಯದ ವಿವರವು ‘ಭೂಮಿ’ಗೆ ತಲಪಿ, ಆಕ್ಷೇಪಣೆಯ ನೋಟೀಸು ಹೊರಡುತ್ತದೆ. ಅವಧಿ ಕಳೆದು ಖಾತೆಯಾದಾಗ ಪಹಣಿಯ 9ನೆಯ ಕಾಲಮಿನಲ್ಲಿ ಕೊಂಡವನ ಹೆಸರು ಕಾಣುತ್ತದೆ.

ಈ ಸರಪಣಿಯು ಹೆಚ್ಚಾಗಿ ಕಡಿಯುವುದು ಹಳೆಯ ಲೆಕ್ಕದಲ್ಲಿ ಎಂಬುದು ನಮ್ಮ ಮತ. ಪಹಣಿಯ ವಿಸ್ತೀರ್ಣವೂ ಆಕಾರಬಂದಿನ ವಿಸ್ತೀರ್ಣವೂ ಹೊಂದದಿದ್ದರೆ, ತಿದ್ದುಪಡಿಯಾಗುವವರೆಗೆ ಕೆಲಸ ತಡೆಯುತ್ತದೆ. ಇಂತಹ ವ್ಯತ್ಯಾಸವು ಪ್ರತ್ಯೇಕ ಕಡತಗಳಲ್ಲಿ ದಶಕಗಳ ಕಾಲ ಯಾರ ಕಣ್ಣಿಗೂ ಬೀಳದೆ ಇರಬಹುದಾಗಿತ್ತು. ಜೋಡಣೆಯೇ ಅದನ್ನು ಬಯಲಿಗೆಳೆಯಿತು. ಅದನ್ನು ಸರಿಪಡಿಸಲು ಭೂಮಾಪಕನು ಮತ್ತೆ ಹೊಲಕ್ಕೇ ಹೋಗಬೇಕು.