ಸಂಖ್ಯಾಶಾಸ್ತ್ರೀಯ ಸಾಮರ್ಥ್ಯ ಮತ್ತು ಪರಿಣಾಮದ ಗಾತ್ರ

ನಿಜವಾಗಿಯೂ ಇರುವ ವ್ಯತ್ಯಾಸವನ್ನು ಒಂದು ಪ್ರಯೋಗ ಹಿಡಿಯುವ ಸಂಭವನೀಯತೆಗೆ ಸಂಖ್ಯಾಶಾಸ್ತ್ರದಲ್ಲಿ ಸಾಮರ್ಥ್ಯ ಎನ್ನುತ್ತಾರೆ. ಆ ವ್ಯತ್ಯಾಸವು ಅಳತೆಗಳ ಸಹಜ ಏರುಪೇರಿಗೆ ಹೋಲಿಸಿದರೆ ಎಷ್ಟು ದೊಡ್ಡದು ಎಂಬುದೇ ಪರಿಣಾಮದ ಗಾತ್ರ.

ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿಯಂಥ ಮಳೆಯಾಶ್ರಿತ ಊರಿನ ಶೇಂಗಾ ಹೊಲವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಹೂ ಬಿಡುವ ಹೊತ್ತಿಗೆ ಜಿಪ್ಸಂ ಹಾಕಿದರೆ ಕಾಯಿ ತುಂಬಲು ಬೇಕಾದ ಕ್ಯಾಲ್ಸಿಯಂ ಮಣ್ಣಿನಲ್ಲೇ ಸಿಗುತ್ತದೆ. ಲೆಕ್ಕಕ್ಕಾಗಿ, ಜಿಪ್ಸಂ ಇಲ್ಲದೆ ಹೆಕ್ಟೇರಿಗೆ 8 ಕ್ವಿಂಟಲ್, ಹಾಕಿದರೆ 8.8 ಕ್ವಿಂಟಲ್ ಇಳುವರಿ ಬರುತ್ತದೆ ಎಂದುಕೊಳ್ಳೋಣ. ಆದರೆ ಒಂದೇ ಹೊಲದಲ್ಲಿ ಒಂದು ಕಡೆ ಮಣ್ಣು ಆಳವಿರುತ್ತದೆ, ಇನ್ನೊಂದು ಕಡೆ ಗರಸು ಮೇಲೆದ್ದಿರುತ್ತದೆ. ಹೀಗಾಗಿ ತಾಕಿನಿಂದ ತಾಕಿಗೆ ಇಳುವರಿಯ ಮಾನಕ ವಿಚಲನೆ 1.6 ಕ್ವಿಂಟಲ್ ಇದೆ ಎನ್ನೋಣ. 0.8ನ್ನು 1.6ರಿಂದ ಭಾಗಿಸಿದರೆ ಪರಿಣಾಮದ ಗಾತ್ರ 0.5. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಕಬ್ ಕೋಹೆನ್ ಇದನ್ನು ಮಧ್ಯಮ ಎಂದು ಕರೆದ. ರೈತನಿಗೆ ಮಾತ್ರ ಅದರ ಬೆಲೆ ಜಿಪ್ಸಂನ ಖರ್ಚು ಕಳೆದು ಉಳಿಯುವ ಹಣದಲ್ಲಿದೆ.

ಈಗ ನಾಲ್ಕು ತಾಕಿಗೆ ಜಿಪ್ಸಂ ಹಾಕಿ, ನಾಲ್ಕನ್ನು ಹಾಗೇ ಬಿಟ್ಟು ಹೋಲಿಸುತ್ತೇವೆ. ಎರಡು ಸರಾಸರಿಗಳ ಅಂತರದ ಮಾನಕ ದೋಷ ಸುಮಾರು 1.13 ಕ್ವಿಂಟಲ್ ಆಗುತ್ತದೆ. ರೂಢಿಯ 5 ಶೇಕಡಾ ಮಟ್ಟದಲ್ಲಿ 'ವ್ಯತ್ಯಾಸವಿದೆ' ಎನ್ನಲು ಅಂತರವು ಸುಮಾರು 2.8 ಕ್ವಿಂಟಲ್ ದಾಟಬೇಕು. ನಿಜವಾದ ಅಂತರ 0.8 ಮಾತ್ರ. ಇಂಥ ನೂರು ಪ್ರಯೋಗ ನಡೆಸಿದರೆ ಒಂಬತ್ತರಷ್ಟು ಮಾತ್ರ ಅದನ್ನು ಹಿಡಿದಾವು. ಉಳಿದವುಗಳ ವರದಿಯಲ್ಲಿ 'ಜಿಪ್ಸಂನಿಂದ ಪ್ರಯೋಜನವಿಲ್ಲ' ಎಂದು ಬರೆದರೆ ಅದು ತಪ್ಪು. 'ಗೊತ್ತಾಗಲಿಲ್ಲ' ಎಂದಷ್ಟೇ ಹೇಳಬಹುದು. ಇದು ವಿಶ್ವಾಸ ಅಂತರದಲ್ಲಿ ಕಾಣುತ್ತದೆ. ಪ್ರಯೋಗದಲ್ಲಿ 0.8 ಅಂತರವೇ ಸಿಕ್ಕರೂ, ಆ ವಿಶ್ವಾಸ ಅಂತರ 2 ಕ್ವಿಂಟಲ್ ನಷ್ಟದಿಂದ 3.6 ಕ್ವಿಂಟಲ್ ಲಾಭದವರೆಗೆ ಚಾಚಿರುತ್ತದೆ.

ಹಿಡಿದ ಆ ಒಂಬತ್ತರದ್ದು ಇನ್ನೊಂದು ಕಥೆ. 2.8ರ ಆಸುಪಾಸಿನ ಗಡಿ ದಾಟಿದ್ದರಿಂದಲೇ ಅವು ಗೆದ್ದದ್ದು. ಹಾಗಾಗಿ ಸರಾಸರಿಯಲ್ಲಿ ನಿಜಕ್ಕಿಂತ ಮೂರು ಪಟ್ಟಿಗೂ ಹೆಚ್ಚು ಲಾಭವನ್ನು ಸಾರುತ್ತವೆ. ಅದನ್ನು ನಂಬಿ ಮರುವರ್ಷ ಜಿಪ್ಸಂ ಹಾಕಿದವನಿಗೆ ಅಷ್ಟು ಇಳುವರಿ ಬರುವುದಿಲ್ಲ.

ಸಾಮರ್ಥ್ಯವನ್ನು 80 ಶೇಕಡಾಕ್ಕೆ ಏರಿಸಲು ಒಂದೊಂದು ಗುಂಪಿಗೂ 64 ತಾಕು ಬೇಕು. ಅಷ್ಟು ನೆಲ, ಅಷ್ಟು ಆಳು ಎಲ್ಲಿಂದ? ಅದಕ್ಕಿಂತ ಜಾಣ ದಾರಿ ಏರುಪೇರನ್ನೇ ತಗ್ಗಿಸುವುದು. ಒಂದೇ ಬಗೆಯ ಮಣ್ಣಿನ ಅಕ್ಕಪಕ್ಕದ ಎರಡು ತಾಕುಗಳನ್ನು ಜೋಡಿ ಮಾಡಿ, ಯಾವುದಕ್ಕೆ ಜಿಪ್ಸಂ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿದರೆ, ಹೋಲಿಕೆ ಜೋಡಿಯೊಳಗೇ ನಡೆಯುತ್ತದೆ. ಇದರಿಂದ ಏರುಪೇರು ಅರ್ಧಕ್ಕಿಳಿದರೆ ಪರಿಣಾಮದ ಗಾತ್ರ 1 ಆಗಿ, ಸುಮಾರು 18 ಜೋಡಿ ಸಾಕಾಗುತ್ತವೆ. ಬದಲಿಗೆ ಒಂದೇ ತಾಕಿನ ಹತ್ತು ಗಿಡ ಕಿತ್ತು ಬೇರೆಬೇರೆ ತೂಗಿ ಹತ್ತು ಅಳತೆ ಎಂದರೆ ನಡೆಯದು, ಅವೆಲ್ಲ ಒಂದೇ ಮಣ್ಣನ್ನು ಉಂಡವು. ಇನ್ನು ತಾಕು ಎಷ್ಟೇ ಇದ್ದರೂ ಅವು ಹೇಳುವುದು ಆ ವರ್ಷದ ಮಳೆಯಲ್ಲಿ ಏನಾಯಿತೆಂದು. ಮಳೆ ಕೈಕೊಟ್ಟ ವರ್ಷದ ಮಾತು ತಿಳಿಯಲು ಬೇರೆ ವರ್ಷಗಳಲ್ಲೂ ಬಿತ್ತಿ ನೋಡಬೇಕು.