ನಾಲ್ಕು ಬಿಟ್‌ಗಳ ಲೆಕ್ಕ: ಭಾಷಾ ಮಾದರಿಗಳು ಲ್ಯಾಪ್‌ಟಾಪ್‌ಗೆ ಇಳಿದ ಬಗೆ

ಮೆಟಾ ಸಂಸ್ಥೆಯು 2023ರ ಫೆಬ್ರವರಿ 24ರಂದು ಪ್ರಕಟಿಸಿದ ಲಾಮಾ ಎಂಬ ಭಾಷಾ ಮಾದರಿಗಳ ಪೈಕಿ ಅತಿ ಚಿಕ್ಕದರಲ್ಲಿಯೂ ಸುಮಾರು 674 ಕೋಟಿ ತೂಕಗಳಿದ್ದವು. ತೂಕವೆಂದರೆ ತರಬೇತಿಯ ಹಂತದಲ್ಲಿ ನಿಗದಿಯಾಗಿ, ಮಾದರಿಯು ಮುಂದಿನ ಪದವನ್ನು ಊಹಿಸುವಾಗ ಗುಣಾಕಾರಕ್ಕೆ ಬಳಸುವ ಸಂಖ್ಯೆ. ಪ್ರತಿ ತೂಕಕ್ಕೂ 16 ಬಿಟ್, ಅಂದರೆ 2 ಬೈಟ್, ಬೇಕಾಗುತ್ತಿದ್ದುದರಿಂದ ಇಡೀ ಮಾದರಿಯು ಸುಮಾರು 13.5 ಜಿಬಿ ಆಗುತ್ತಿತ್ತು. 8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಸಂಶೋಧಕರಿಗೆಂದು ಮಾತ್ರ ಪರವಾನಗಿ ಇದ್ದ ಈ ತೂಕಗಳು ಮಾರ್ಚ್ ಮೊದಲ ವಾರದಲ್ಲಿ ಸೋರಿಕೆಯಾಗಿ ಹರಡಿದವು. ಆದ್ದರಿಂದ ಆ ಮೊದಲ ಲಾಮಾವನ್ನು ‘ಮುಕ್ತ ಮಾದರಿ’ ಎಂದು ಕರೆಯುವುದು ಸಡಿಲವಾದ ಮಾತೇ ಸರಿ. ನಿಜಕ್ಕೂ ಮುಕ್ತವಾಗಿದ್ದುದು ಬಲ್ಗೇರಿಯಾದ ಜಾರ್ಜಿ ಗೆರ್ಗಾನೊವ್ ಮಾರ್ಚ್ 10ರಂದು ಹೊರತಂದ llama.cpp ಎಂಬ ಪ್ರೋಗ್ರಾಂ. ಅದು ದುಬಾರಿ ಗ್ರಾಫಿಕ್ಸ್ ಕಾರ್ಡ್ ಇಲ್ಲದೆಯೇ ಮಾದರಿಯನ್ನು ಸಾಧಾರಣ ಪ್ರೊಸೆಸರ್ ಮೇಲೆ ಓಡಿಸಿತು.

ಇದನ್ನು ಸಾಧ್ಯವಾಗಿಸಿದ್ದು ಕ್ವಾಂಟೈಸೇಶನ್, ಅಂದರೆ ಸೂಕ್ಷ್ಮವಾದ ಸಂಖ್ಯೆಗಳನ್ನು ಕೆಲವೇ ಮೆಟ್ಟಿಲುಗಳಿಗೆ ಹೊಂದಿಸಿ ಬರೆದಿಡುವ ಕ್ರಮ. Q4_0 ಎಂಬ ವಿಧಾನದಲ್ಲಿ 32 ತೂಕಗಳನ್ನು ಒಂದು ಗುಂಪಾಗಿ ಮಾಡಿ, ಇಡೀ ಗುಂಪಿಗೆ ಒಂದು ಅಳತೆಯನ್ನು ಇರಿಸಿ, ಪ್ರತಿ ತೂಕವನ್ನು ಆ ಅಳತೆಯ ಎಷ್ಟು ಪಟ್ಟು ಎಂಬ ಪೂರ್ಣಾಂಕವಾಗಿ ಮಾತ್ರ ಉಳಿಸಲಾಗುತ್ತದೆ. ನಾಲ್ಕು ಬಿಟ್‌ಗಳಲ್ಲಿ 16 ಪೂರ್ಣಾಂಕಗಳಿಗಷ್ಟೇ, −8ರಿಂದ 7ರವರೆಗೆ, ಅವಕಾಶವಿದೆ. ಋಣಚಿಹ್ನೆಯನ್ನು ಲೆಕ್ಕಿಸದೆ ನೋಡಿದಾಗ ಗುಂಪಿನ ಅತಿ ದೊಡ್ಡ ತೂಕ −0.80 ಆಗಿದ್ದರೆ ಅಳತೆ 0.10 ಆಗುತ್ತದೆ; ಆಗ 0.33 ಎಂಬ ತೂಕವು 3 ಎಂದು ದಾಖಲಾಗಿ, ಮರಳಿ ಓದುವಾಗ 0.30 ಆಗುತ್ತದೆ. ಅದೇ ಗುಂಪಿನಲ್ಲಿ 0.02ರಂಥ ತೂಕವಿದ್ದರೆ ಅದು ಸೊನ್ನೆಯೇ ಆಗಿಬಿಡುತ್ತದೆ. ಒಂದೇ ದೈತ್ಯ ಸಂಖ್ಯೆ ತನ್ನ ನೆರೆಯವರನ್ನೆಲ್ಲ ಅಳಿಸಿಹಾಕುವ ಈ ಹಾನಿಯು 32ರ ಗಡಿಯೊಳಗೇ ಉಳಿಯಲೆಂದು ಗುಂಪುಗಳನ್ನು ಅಷ್ಟು ಚಿಕ್ಕದಾಗಿ ಇರಿಸಲಾಗಿದೆ. 2023ರ ಮೇ ತಿಂಗಳಲ್ಲಿ ಅಳತೆಯ ಸಂಖ್ಯೆಯನ್ನು 32 ಬಿಟ್‌ಗಳಿಂದ 16ಕ್ಕೆ ಇಳಿಸಿದ ಮೇಲೆ ಗುಂಪೊಂದಕ್ಕೆ 18 ಬೈಟ್‌ಗಳು, ಅಂದರೆ ತೂಕವೊಂದಕ್ಕೆ ನಾಲ್ಕೂವರೆ ಬಿಟ್‌ಗಳು, ಸಾಕಾದವು; 13.5 ಜಿಬಿಯ ಮಾದರಿ ಸುಮಾರು 3.8 ಜಿಬಿಗೆ ಇಳಿಯಿತು.

ಈ ಇಳಿಕೆಯಿಂದ ಜಾಗದ ಜೊತೆಗೆ ವೇಗವೂ ದೊರೆಯಿತು ಎಂಬುದು ಗಮನಾರ್ಹ. ಮಾದರಿಯು ಒಂದೊಂದು ಟೋಕನ್ನನ್ನು, ಅಂದರೆ ಪದವನ್ನೋ ಪದದ ತುಣುಕನ್ನೋ, ಹೊರಡಿಸುವಾಗಲೂ ತೂಕಗಳೆಲ್ಲವನ್ನೂ ರ‍್ಯಾಮ್‌ನಿಂದ ಪ್ರೊಸೆಸರ್‌ಗೆ ಒಮ್ಮೆ ಸಾಗಿಸಲೇಬೇಕು. ಸೆಕೆಂಡಿಗೆ ಹೆಚ್ಚೆಂದರೆ 51 ಜಿಬಿ ಸಾಗಿಸಬಲ್ಲ ರ‍್ಯಾಮ್‌ನಲ್ಲಿ 3.8 ಜಿಬಿಯ ಮಾದರಿಯು ಸೆಕೆಂಡಿಗೆ 13 ಟೋಕನ್‌ಗಳನ್ನು ಮೀರಲಾರದು. 16 ಬಿಟ್‌ನ ಮೂಲ ಮಾದರಿಗೆ ನಾಲ್ಕೂ ಅಸಾಧ್ಯ.

ಈ ಸಂಗತಿಯನ್ನು ಮರೆತದ್ದರಿಂದ ಒಂದು ತಪ್ಪು ಗ್ರಹಿಕೆ ಹುಟ್ಟಿತು. ಮಾರ್ಚ್ ಕೊನೆಯಲ್ಲಿ ಜಸ್ಟಿನ್ ಟನಿ ಮೊದಲಾದವರ ಕೆಲಸದಿಂದ, ಮಾದರಿಯ ಫೈಲನ್ನು ರ‍್ಯಾಮ್‌ಗೆ ನಕಲು ಮಾಡುವ ಬದಲು ಬೇಕಾದ ಪುಟಗಳನ್ನು ಬೇಕಾದಾಗ ಡಿಸ್ಕ್‌ನಿಂದ ತರಿಸಿಕೊಳ್ಳುವ mmap ವಿಧಾನವು ಜಾರಿಗೆ ಬಂದಾಗ, ಸುಮಾರು 20 ಜಿಬಿಯ ಮಾದರಿ 6 ಜಿಬಿಯಲ್ಲೇ ಓಡುತ್ತಿದೆ ಎಂಬ ಸುದ್ದಿ ಹಬ್ಬಿತು. ಹಾಗೆ ತರಿಸಿದ ಪುಟಗಳನ್ನು ಆಪರೇಟಿಂಗ್ ಸಿಸ್ಟಮ್ ಪ್ರೋಗ್ರಾಂನ ಲೆಕ್ಕಕ್ಕೆ ಪೂರ್ತಿಯಾಗಿ ಸೇರಿಸದಿದ್ದುದರಿಂದ ಮಾಪಕ ಕಡಿಮೆ ತೋರಿಸಿತ್ತೇ ಹೊರತು, ಅಗತ್ಯ ಕಡಿಮೆಯಾಗಿರಲಿಲ್ಲ. ರ‍್ಯಾಮ್ ನಿಜವಾಗಿಯೂ ಸಾಲದಿದ್ದಾಗ ತೂಕಗಳನ್ನು ಪ್ರತಿ ಟೋಕನ್‌ಗೂ ಡಿಸ್ಕ್‌ನಿಂದಲೇ ಓದಬೇಕಾಗುತ್ತದೆ. ಡಿಸ್ಕ್ ಎಡೆಬಿಡದೆ ದುಡಿಯುತ್ತಿರುವಾಗ ಪ್ರೊಸೆಸರ್ ಬಹುಪಾಲು ಸುಮ್ಮನಿದ್ದು, ಉತ್ತರವು ಕುಂಟುತ್ತಾ ಬರುವುದೇ ಇದರ ಗುರುತು.

ತೂಕಗಳಾಚೆಗೂ ಒಂದು ಖರ್ಚಿದೆ. ಮಾದರಿಯು ಈವರೆಗಿನ ಪ್ರತಿ ಟೋಕನ್‌ಗೂ ತನ್ನ ಮಧ್ಯಂತರ ಲೆಕ್ಕವನ್ನು ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುತ್ತದೆ. ಮೊದಲ ಲಾಮಾದ ಚಿಕ್ಕ ಮಾದರಿಯಲ್ಲಿ, 16 ಬಿಟ್‌ಗಳಲ್ಲಿ ಇಟ್ಟರೆ, ಇದು ಟೋಕನ್‌ಗೆ ಅರ್ಧ ಎಂಬಿ, ಅದರ ಪೂರ್ಣ ಮಿತಿಯಾದ 2048 ಟೋಕನ್‌ಗಳಿಗೆ ಒಂದು ಜಿಬಿ. 2023ರ ಸೆಪ್ಟೆಂಬರ್‌ನಲ್ಲಿ ಬಂದ ಮಿಸ್ಟ್ರಲ್ ಮಾದರಿಯು ಇಂಥ ಒಂದೇ ದಾಖಲೆಯನ್ನು ಮಾದರಿಯೊಳಗಿನ ಹಲವು ಘಟಕಗಳು ಹಂಚಿಕೊಳ್ಳುವಂತೆ ಮಾಡಿ, ಖರ್ಚನ್ನು ಕಾಲುಭಾಗಕ್ಕೆ ಇಳಿಸಿತು. ಕನ್ನಡದ ಪಾಲಿಗೆ ಮಾತ್ರ ಈ ಖರ್ಚು ಬೇರೊಂದು ದಾರಿಯಿಂದ ಏರುತ್ತದೆ. ಮೊದಲ ಲಾಮಾದ 32,000 ಟೋಕನ್‌ಗಳ ಶಬ್ದಕೋಶದಲ್ಲಿಲ್ಲದ ಅಕ್ಷರವು ಬೈಟ್‌ಗಳಾಗಿ ಒಡೆಯುತ್ತದೆ; ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್‌ಗಳು ಬೇಕು. ‘ಕನ್ನಡ’ ಎಂಬ ಪದದಲ್ಲಿ ಒತ್ತಕ್ಷರದ ಹಲಂತ ಚಿಹ್ನೆಯೂ ಸೇರಿ ಐದು ಚಿಹ್ನೆಗಳಿರುವುದರಿಂದ ಅದೊಂದಕ್ಕೇ 15 ಟೋಕನ್‌ಗಳವರೆಗೆ, ಅಂದರೆ ಏಳೂವರೆ ಎಂಬಿಯವರೆಗೆ, ತಗಲಬಹುದು. ತೂಕಗಳನ್ನು ಎಷ್ಟೇ ಬಿಟ್‌ಗಳಿಗೆ ಇಳಿಸಿದರೂ ಈ ಭಾಗ ಕರಗುವುದಿಲ್ಲ. ಅದನ್ನು ಇಳಿಸಲು ಕನ್ನಡದ ತುಣುಕುಗಳನ್ನು ಶಬ್ದಕೋಶಕ್ಕೆ ಸೇರಿಸಿ, ಮಾದರಿಗೆ ಮತ್ತೆ ತರಬೇತಿ ಕೊಡಬೇಕಾಗುತ್ತದೆ.