555 ಟೈಮರ್‌ನ ಅಸ್ಟೇಬಲ್ ಮಂಡಲ: ಆವೃತ್ತಿ ತಪ್ಪಿದಾಗ ದೋಷವನ್ನು ಗುರುತಿಸುವ ಬಗೆ

ಸಾರಾಂಶ

ಎರಡು ರೆಸಿಸ್ಟರ್ ಮತ್ತು ಒಂದು ಕೆಪಾಸಿಟರ್‌ನಿಂದ ನಡೆಯುವ 555 ಅಸ್ಟೇಬಲ್ ಮಂಡಲವನ್ನು ಪರೀಕ್ಷಿಸುವಾಗ ಸಾಮಾನ್ಯವಾಗಿ ಆವೃತ್ತಿಯನ್ನಷ್ಟೇ ಅಳೆಯುತ್ತಾರೆ. ಆವೃತ್ತಿ ತಪ್ಪಿದೆ ಎಂಬುದು ಇದರಿಂದ ತಿಳಿಯುತ್ತದೆ, ಯಾವ ಬಿಡಿಭಾಗದಿಂದ ತಪ್ಪಿದೆ ಎಂಬುದು ತಿಳಿಯುವುದಿಲ್ಲ. ಔಟ್‌ಪುಟ್ ಮೇಲಿರುವ ಕಾಲ ಮತ್ತು ಕೆಳಗಿರುವ ಕಾಲ ಎರಡನ್ನೂ ಬೇರೆಬೇರೆಯಾಗಿ ಅಳೆದರೆ ಮೂರೂ ಭಾಗಗಳ ದೋಷಗಳನ್ನು ಪ್ರತ್ಯೇಕಿಸಬಹುದು ಎಂಬುದನ್ನೂ, ಈ ವಿಧಾನದ ಮಿತಿಗಳನ್ನೂ ಒಂದು ಕಿಲೋಹರ್ಟ್ಸ್ ಆಸುಪಾಸಿನ ಮಂಡಲದ ಲೆಕ್ಕದ ಮೂಲಕ ಈ ಲೇಖನ ತೋರಿಸುತ್ತದೆ.

1. ಸೂತ್ರಗಳ ಮೂಲ

ಹಾನ್ಸ್ ಕಾಮೆನ್‌ಜಿಂಡ್ 1971ರಲ್ಲಿ ರೂಪಿಸಿದ ಈ ಚಿಪ್ಪನ್ನು ಸಿಗ್ನೆಟಿಕ್ಸ್ ಕಂಪನಿ 1972ರಲ್ಲಿ ಮಾರುಕಟ್ಟೆಗೆ ತಂದಿತು. ಅದರೊಳಗೆ ಸಮಾನವಾದ ಮೂರು ರೆಸಿಸ್ಟರ್‌ಗಳ ಸರಣಿ ಪೂರೈಕೆ ವೋಲ್ಟೇಜನ್ನು ಮೂರು ಪಾಲು ಮಾಡುತ್ತದೆ. ಕೆಪಾಸಿಟರ್‌ನ ವೋಲ್ಟೇಜು ಪೂರೈಕೆಯ ಮೂರನೆಯ ಎರಡು ಭಾಗ ಮುಟ್ಟಿದಾಗ ಔಟ್‌ಪುಟ್ ಕೆಳಗಿಳಿಯುತ್ತದೆ, 7ನೇ ಪಿನ್ನಿನ ಟ್ರಾನ್ಸಿಸ್ಟರ್ ಆನ್ ಆಗುತ್ತದೆ. ವೋಲ್ಟೇಜು ಮೂರನೆಯ ಒಂದು ಭಾಗಕ್ಕೆ ಇಳಿದಾಗ ಔಟ್‌ಪುಟ್ ಮತ್ತೆ ಮೇಲೇರುತ್ತದೆ, ಟ್ರಾನ್ಸಿಸ್ಟರ್ ಆಫ್ ಆಗುತ್ತದೆ.

ಚಾರ್ಜ್ ಆಗುವಾಗ ಕರೆಂಟು R1 ಮತ್ತು R2 ಎರಡರ ಮೂಲಕವೂ ಬರುತ್ತದೆ. ಡಿಸ್ಚಾರ್ಜ್ ಆಗುವಾಗ R2 ಒಂದರ ಮೂಲಕ ಹೋಗುತ್ತದೆ. ಎರಡೂ ಸಂದರ್ಭದಲ್ಲಿ, ತಲುಪಬೇಕಾದ ಅಂತಿಮ ವೋಲ್ಟೇಜಿಗೆ ಉಳಿದಿರುವ ಅಂತರ ಸರಿಯಾಗಿ ಅರ್ಧಕ್ಕೆ ಇಳಿಯುವುದರಿಂದ ln 2, ಅಂದರೆ 0.693, ಎರಡು ಕಡೆಯೂ ಬರುತ್ತದೆ:

```
tH = 0.693 (R1 + R2) C
tL = 0.693 R2 C
f  = 1 / (tH + tL) = 1.44 / ((R1 + 2 R2) C)
D  = tH / (tH + tL) = (R1 + R2) / (R1 + 2 R2)
```

ಪೂರೈಕೆ ವೋಲ್ಟೇಜು ಈ ಸೂತ್ರಗಳಲ್ಲಿ ಎಲ್ಲಿಯೂ ಇಲ್ಲ. ಡ್ಯೂಟಿ ಸೈಕಲ್ D ಯಲ್ಲಿ ಕೆಪಾಸಿಟರ್ ಕೂಡ ಇಲ್ಲ. ಎರಡು ಕಾಲಗಳ ವ್ಯತ್ಯಾಸ 0.693 R1 C ಆಗಿದ್ದು, R1 ಸೊನ್ನೆಯಾಗುವಂತಿಲ್ಲ: ಹಾಗಾದರೆ 7ನೇ ಪಿನ್ನಿನ ಟ್ರಾನ್ಸಿಸ್ಟರ್ ಆನ್ ಆದಾಗಲೆಲ್ಲ ಪೂರೈಕೆಯೇ ಶಾರ್ಟ್ ಆಗುತ್ತದೆ. ಆದ್ದರಿಂದ ಈ ಮೂಲ ಮಂಡಲದಲ್ಲಿ ಡ್ಯೂಟಿ ಸೈಕಲ್ ಶೇ. 50ಕ್ಕಿಂತ ಯಾವಾಗಲೂ ಹೆಚ್ಚು.

2. ಒಂದು ಮಂಡಲದ ಲೆಕ್ಕ

1 ಕಿಲೋಹರ್ಟ್ಸ್ ಆವೃತ್ತಿ, ಶೇ. 60 ಡ್ಯೂಟಿ ಸೈಕಲ್ ಬೇಕೆಂದುಕೊಳ್ಳೋಣ. D = 0.6 ಆಗಬೇಕಾದರೆ R2 ಬೆಲೆ R1ನ ಎರಡರಷ್ಟಿರಬೇಕು. ಕೆಪಾಸಿಟರ್ 10 ನ್ಯಾನೊಫ್ಯಾರಡ್ ಎಂದು ಆರಿಸಿಕೊಂಡರೆ R1 + 2R2 ಸುಮಾರು 144 ಕಿಲೋಓಮ್ ಆಗಬೇಕು. ಹಾಗಾಗಿ R1 ಸುಮಾರು 28.9, R2 ಸುಮಾರು 57.7 ಕಿಲೋಓಮ್. ಅಂಗಡಿಯಲ್ಲಿ ಸಿಗುವ ಹತ್ತಿರದ ಬೆಲೆಗಳು 30 ಮತ್ತು 56 ಕಿಲೋಓಮ್. ಅವನ್ನು ಹಾಕಿದರೆ tH 596 ಮೈಕ್ರೊಸೆಕೆಂಡ್, tL 388 ಮೈಕ್ರೊಸೆಕೆಂಡ್, ಆವೃತ್ತಿ 1016 ಹರ್ಟ್ಸ್, ಡ್ಯೂಟಿ ಸೈಕಲ್ ಶೇ. 60.6.

ರೆಸಿಸ್ಟರ್‌ಗಳು ಶೇ. 5, ಕೆಪಾಸಿಟರ್ ಶೇ. 10 ಹೆಚ್ಚುಕಡಿಮೆ ಇರಬಹುದಾದರೆ, ಎಲ್ಲವೂ ಒಂದೇ ದಿಕ್ಕಿಗೆ ವಾಲಿದಾಗ ಆವೃತ್ತಿ ಸುಮಾರು 880ರಿಂದ 1190 ಹರ್ಟ್ಸ್‌ವರೆಗೆ ಎಲ್ಲಿ ಬೇಕಾದರೂ ಇರಬಹುದು. ಡ್ಯೂಟಿ ಸೈಕಲ್ ಮಾತ್ರ, R1 ಮತ್ತು R2 ವಿರುದ್ಧ ದಿಕ್ಕಿಗೆ ವಾಲಿದರೂ, ಶೇ. 59.8ರಿಂದ 61.4ರೊಳಗೇ ನಿಲ್ಲುತ್ತದೆ. ಆವೃತ್ತಿಯನ್ನು ನಿರ್ಧರಿಸುವುದು ಬಿಡಿಭಾಗಗಳ ಗುಣಲಬ್ಧ. ಡ್ಯೂಟಿ ಸೈಕಲನ್ನು ನಿರ್ಧರಿಸುವುದು ಎರಡು ರೆಸಿಸ್ಟರ್‌ಗಳ ಅನುಪಾತ ಮಾತ್ರ.

3. ಒಂದೇ ಆವೃತ್ತಿ, ಮೂರು ದೋಷ

ಲೆಕ್ಕದ ಬೆಲೆಗಳನ್ನೇ ತೋರಿಸುತ್ತಿದ್ದ ಇದೇ ಮಂಡಲದ ಆವೃತ್ತಿ ಈಗ 907 ಹರ್ಟ್ಸ್‌ಗೆ ಇಳಿದಿದೆ ಎನ್ನೋಣ. ಆವರ್ತಕಾಲ 1102 ಮೈಕ್ರೊಸೆಕೆಂಡ್ ಆಗಿದೆ. ಇದಕ್ಕೆ ಮೂರು ಬಿಡಿಭಾಗಗಳಲ್ಲಿ ಯಾವುದಾದರೂ ಒಂದು ಕಾರಣವಾಗಿರಬಹುದು:

| ದೋಷ | tH (ಮೈಕ್ರೊಸೆಕೆಂಡ್) | tL (ಮೈಕ್ರೊಸೆಕೆಂಡ್) | D (ಶೇ.) |
|---|---|---|---|
| ಇಲ್ಲ | 596 | 388 | 60.6 |
| R1 = 47 ಕಿಲೋಓಮ್ | 714 | 388 | 64.8 |
| R2 = 64.5 ಕಿಲೋಓಮ್ | 655 | 447 | 59.4 |
| C = 11.2 ನ್ಯಾನೊಫ್ಯಾರಡ್ | 668 | 435 | 60.6 |

ಕೋಷ್ಟಕವನ್ನು ಓದುವ ಕ್ರಮ ಸರಳ. tL ಕದಲದೆ tH ಒಂದೇ ಬದಲಾಗಿದ್ದರೆ ದೋಷ R1ನದು, ಏಕೆಂದರೆ tL ಸೂತ್ರದಲ್ಲಿ R1 ಇಲ್ಲ. ಎರಡೂ ಕಾಲಗಳು ಸಮನಾದ ಮೊತ್ತದಷ್ಟು ಬದಲಾಗಿದ್ದರೆ (ಇಲ್ಲಿ ತಲಾ 59 ಮೈಕ್ರೊಸೆಕೆಂಡ್) ದೋಷ R2ನದು. ಎರಡೂ ಸಮನಾದ ಅನುಪಾತದಲ್ಲಿ ಬದಲಾಗಿದ್ದರೆ (ಇಲ್ಲಿ ತಲಾ 1.12ರಷ್ಟು) ದೋಷ ಕೆಪಾಸಿಟರ್‌ನದು.

ಡ್ಯೂಟಿ ಸೈಕಲನ್ನು ಮಾತ್ರ ನೋಡಿದವರಿಗೆ ಈ ವಿವರ ಸಿಗುವುದಿಲ್ಲ. R2 ಶೇ. 15ರಷ್ಟು ತಪ್ಪಿದ್ದರೂ ಡ್ಯೂಟಿ ಸೈಕಲ್ ಬದಲಾದದ್ದು ಶೇಕಡಾ ಒಂದೂಕಾಲಿಗಿಂತ ಕಡಿಮೆ.

4. ವಿಧಾನದ ಮಿತಿಗಳು

ಮೊದಲ ಮಿತಿ 5ನೇ ಪಿನ್ನು. ಅಲ್ಲಿನ ವೋಲ್ಟೇಜು ಹೊರಗಿನ ಕಾರಣದಿಂದ ಬದಲಾದರೆ ಮೇಲಿನ ಮಿತಿ ಬದಲಾಗುತ್ತದೆ. ಕೆಳಗಿನ ಮಿತಿ ಯಾವಾಗಲೂ ಅದರ ಅರ್ಧವಾದ್ದರಿಂದ ಡಿಸ್ಚಾರ್ಜ್ ಕಾಲ ಹಾಗೆಯೇ ಉಳಿದು, ಚಾರ್ಜ್ ಕಾಲ ಮಾತ್ರ ವ್ಯತ್ಯಾಸವಾಗುತ್ತದೆ. ಇದು R1 ದೋಷದ ಲಕ್ಷಣವೇ. 9 ವೋಲ್ಟ್ ಪೂರೈಕೆಯಲ್ಲಿ 5ನೇ ಪಿನ್ನಿನಲ್ಲಿ 6 ವೋಲ್ಟ್ ಇರಬೇಕು. ಅದು ಸುಮಾರು 6.5 ವೋಲ್ಟ್ ಆದರೆ ಸಾಕು, R1 ಸರಿಯಿದ್ದರೂ tH 714 ಮೈಕ್ರೊಸೆಕೆಂಡ್ ಆಗುತ್ತದೆ. ಹಾಗಾಗಿ R1 ಬಿಚ್ಚುವ ಮೊದಲು ಈ ಪಿನ್ನಿಗೆ ಮೀಟರ್ ಹಿಡಿಯಬೇಕು.

ಎರಡನೆಯದು ಕೆಪಾಸಿಟರ್ ಸೋರಿಕೆ. ನಿಮಿಷಗಟ್ಟಲೆ ಕಾಲಕ್ಕಾಗಿ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಮತ್ತು ಮೆಗಾಓಮ್ ರೆಸಿಸ್ಟರ್ ಬಳಸಿದಲ್ಲಿ ಇದು ಎದ್ದು ಕಾಣುತ್ತದೆ. ಸೋರಿಕೆ ಚಾರ್ಜಿಗೆ ಅಡ್ಡಿಯಾಗಿ ಡಿಸ್ಚಾರ್ಜಿಗೆ ನೆರವಾಗುವುದರಿಂದ tH ಹಿಗ್ಗಿ tL ಕುಗ್ಗುತ್ತದೆ. ಕೋಷ್ಟಕದ ಯಾವ ಸಾಲೂ ಹೀಗೆ ವರ್ತಿಸುವುದಿಲ್ಲವಾದ್ದರಿಂದ ಇದನ್ನು ಗುರುತಿಸುವುದು ಸುಲಭ. 9 ವೋಲ್ಟ್‌ನಲ್ಲಿ R1 + R2 ಒಂದು ಮೆಗಾಓಮ್ ಇದ್ದರೆ ಮೇಲಿನ ಮಿತಿಯ ಹತ್ತಿರ ಚಾರ್ಜ್ ಕರೆಂಟು 3 ಮೈಕ್ರೊಆಂಪಿಯರ್ ಮಾತ್ರ. ಸೋರಿಕೆಯೂ ಅಷ್ಟಾದರೆ ಮಂಡಲ ಆಡುವುದೇ ನಿಂತು ಔಟ್‌ಪುಟ್ ಮೇಲೆಯೇ ಉಳಿಯುತ್ತದೆ.

ಮೂರನೆಯದು ಡಯೋಡ್ ಸೇರಿಸಿದ ಮಂಡಲ. ಡ್ಯೂಟಿ ಸೈಕಲನ್ನು ಶೇ. 50ಕ್ಕಿಂತ ಇಳಿಸಲು R2ಗೆ ಅಡ್ಡಲಾಗಿ ಡಯೋಡ್ ಹಾಕುತ್ತಾರೆ. ಆಗ ಚಾರ್ಜ್ ಬಹುಮಟ್ಟಿಗೆ R1 ಮೂಲಕವೇ ಆಗುತ್ತದೆ. ಡಯೋಡಿನ 0.7 ವೋಲ್ಟ್ ಕುಸಿತದಿಂದಾಗಿ tH ಸೂತ್ರದ 0.693ರ ಜಾಗದಲ್ಲಿ 5 ವೋಲ್ಟ್ ಪೂರೈಕೆಗೆ ಸುಮಾರು 1.00, 12 ವೋಲ್ಟ್‌ಗೆ ಸುಮಾರು 0.79 ಬರುತ್ತದೆ. ಪೂರೈಕೆ ಬದಲಾದರೆ tH ಕೂಡ ಬದಲಾಗುವುದರಿಂದ ಅಂಥ ಮಂಡಲಕ್ಕೆ ಮೇಲಿನ ಕೋಷ್ಟಕ ಹೊಂದುವುದಿಲ್ಲ.

ಅಳತೆಯನ್ನು 3ನೇ ಪಿನ್ನಿನಲ್ಲಿ ಮಾಡಬೇಕು. ಕೆಪಾಸಿಟರ್‌ಗೆ ಪ್ರೋಬ್ ಹಿಡಿದರೆ ಅದರ ರೋಧವೂ ಲೆಕ್ಕಕ್ಕೆ ಸೇರುತ್ತದೆ. ಸ್ವಿಚ್ ಹಾಕಿದ ನಂತರದ ಮೊದಲ ಪಲ್ಸನ್ನು ಬಿಡಬೇಕು. ಅದರಲ್ಲಿ ಕೆಪಾಸಿಟರ್ ಸೊನ್ನೆಯಿಂದ ಏರುವುದರಿಂದ ನಮ್ಮ ಮಂಡಲದಲ್ಲಿ tH 596ರ ಬದಲು ಸುಮಾರು 945 ಮೈಕ್ರೊಸೆಕೆಂಡ್ ಇರುತ್ತದೆ.

5. ಸಮಾರೋಪ

ಮೂರು ಅಜ್ಞಾತಗಳಿಗೆ ಎರಡೇ ಅಳತೆಗಳಿರುವುದರಿಂದ ಈ ವಿಧಾನ ಒಂದು ಸಮಯಕ್ಕೆ ಒಂದು ದೋಷವನ್ನು ಮಾತ್ರ ಗುರುತಿಸಬಲ್ಲದು. ಅಲ್ಲದೆ ಹೋಲಿಕೆಯ ಆಧಾರ ಸೂತ್ರದಿಂದ ಬಂದ ಬೆಲೆಯಾಗಿದ್ದರೆ ಬಿಡಿಭಾಗಗಳ ಸಹಜ ಹೆಚ್ಚುಕಡಿಮೆಯಲ್ಲೇ ದೋಷ ಮುಚ್ಚಿಹೋಗುತ್ತದೆ: ಕೋಷ್ಟಕದ 907 ಹರ್ಟ್ಸ್ ಹೊಸ ಬೋರ್ಡೊಂದರ ಸಹಜ ಆವೃತ್ತಿಯೂ ಆಗಿರಬಹುದು. ಆದ್ದರಿಂದ ಬೋರ್ಡ್ ಸರಿಯಾಗಿ ಕೆಲಸ ಮಾಡುತ್ತಿರುವಾಗಲೇ ಅದರ tH ಮತ್ತು tL ಅಳೆದು, ಆವೃತ್ತಿ ಮತ್ತು ಡ್ಯೂಟಿ ಸೈಕಲ್‌ಗೆ ಬದಲಾಗಿ ಈ ಎರಡು ಸಂಖ್ಯೆಗಳನ್ನೇ ದಾಖಲೆಯಲ್ಲಿ ಬರೆದಿಡುವುದು ಲೇಸು. ಅವೆರಡರಿಂದ ಆವೃತ್ತಿಯನ್ನೂ ಡ್ಯೂಟಿ ಸೈಕಲನ್ನೂ ಯಾವಾಗ ಬೇಕಾದರೂ ಲೆಕ್ಕಹಾಕಿಕೊಳ್ಳಬಹುದು.